ಕೇಳುವುದಕ್ಕೂ ಕೆದಕುವುದಕ್ಕೂ ನಡುವೆ ಇಪ್ಪತ್ತು ನಿಮಿಷ

ಮೊದಲು ನಾನು ಕೆಡಿಸಿದ ಕಾಫಿಯ ಕಥೆ ಹೇಳಿಬಿಡುತ್ತೇನೆ.

8 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಸಾಕಾಗಿತ್ತು. ಟೆಕ್ನಿಕಲ್ ರೈಟಿಂಗ್ ಕಡೆ ಹೋಗಬೇಕು ಅನ್ನಿಸಿತ್ತು. ಅಂದರೆ ಸಾಫ್ಟ್‌ವೇರ್ ಬಳಸುವವರಿಗೆ ಕೈಪಿಡಿ ಬರೆಯುವ ಕೆಲಸ. ಆ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರು ಗೆಳೆಯನ ಮೂಲಕ ಪರಿಚಯವಾದರು. ಜಯನಗರದ ಒಂದು ಹೋಟೆಲಿನಲ್ಲಿ ಅರ್ಧ ಗಂಟೆ ಸಿಗಲು ಒಪ್ಪಿದರು. ಬರಿಗೈಯಲ್ಲಿ ಹೋಗಬಾರದು ಅಂತ ಹಿಂದಿನ ರಾತ್ರಿ ಎರಡೂವರೆ ಗಂಟೆ ಕೂತು ಅವರ ಬಗ್ಗೆ ಓದಿದೆ. ಲಿಂಕ್ಡ್‌ಇನ್, ಹಳೆಯ ಬ್ಲಾಗು, ಟ್ವಿಟರ್, ಕೊನೆಗೆ ಫೇಸ್‌ಬುಕ್. ಪರೀಕ್ಷೆಗೆ ಓದಿದ ಹಾಗೆ ನೋಟ್ಸ್ ಬೇರೆ ಮಾಡಿಕೊಂಡಿದ್ದೆ.

ಅವರು ಹಿಂದಿನ ಕೆಲಸ ಬಿಟ್ಟಿದ್ದು 2023ರ ಜನವರಿಯಲ್ಲಿ. ಆ ಕಂಪನಿ ಒಂದಷ್ಟು ಜನರನ್ನು ತೆಗೆದ ಸುದ್ದಿ ಪೇಪರಿನಲ್ಲಿ ಬಂದಿದ್ದೂ ಅದೇ ತಿಂಗಳು. ಎರಡನ್ನೂ ಕೂಡಿಸಿದೆ. ಏನೋ ಕಂಡುಹಿಡಿದವನ ಹಾಗೆ ಖುಷಿಯಾಯಿತು. ಮರುದಿನ ಕಾಫಿ ಬಂದ ಐದು ನಿಮಿಷಕ್ಕೆ ಕೇಳಿಯೇಬಿಟ್ಟೆ. "ಸರ್, ಆ ಲೇಆಫ್ ಆದಮೇಲೆ ಹೇಗೆ ನಿಭಾಯಿಸಿದ್ರಿ?"

ಅವರು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಕಾಫಿ ಆರಿಸುತ್ತಿದ್ದರು. ಕೈ ನಿಂತಿತು. "ಯಾರು ಹೇಳಿದ್ರು ನಿಮಗೆ?" ಅಂದರು. ಯಾರೂ ಇಲ್ಲ ಸರ್, ನಾನೇ ನೋಡಿದೆ ಅಂದೆ. ಅದು ಇನ್ನೂ ಕೆಟ್ಟ ಉತ್ತರ ಅಂತ ಹೇಳುವಾಗಲೇ ಗೊತ್ತಾಯಿತು. ಆಮೇಲಿನ ಉತ್ತರಗಳೆಲ್ಲ ಮರ್ಯಾದೆಯಿಂದಲೇ ಬಂದವು, ಆದರೆ ಒಂದೊಂದು ಸಾಲಿನವು. ಇನ್ನೂ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರಿಗೆ ಒಂದು ಕಾಲ್ ನೆನಪಾಯಿತು.

ಬಹಳ ದಿನ ನಾನು ಅದಕ್ಕೆ ಸಮಜಾಯಿಷಿ ಹುಡುಕಿದೆ. ಅವರು ಕೆಲಸ ಬಿಟ್ಟ ತಿಂಗಳು ಅವರ ಪೇಜಿನಲ್ಲೇ ಇತ್ತು. ಸುದ್ದಿ ಪೇಪರಿನಲ್ಲಿತ್ತು. ಎರಡೂ ಎಲ್ಲರೂ ಓದಬಹುದಾದದ್ದು, ಕದ್ದು ನೋಡಿದ್ದೇನಲ್ಲ, ಅಲ್ವಾ? ನಿಜ. ಆದರೆ "ಇವರನ್ನು ಕೆಲಸದಿಂದ ತೆಗೆದರು" ಅನ್ನುವ ಮೂರನೆಯ ಮಾತು ಎಲ್ಲಿಯೂ ಇರಲಿಲ್ಲ. ಅದನ್ನು ನನ್ನ ತಲೆಯಲ್ಲಿ ನಾನು ತಯಾರಿಸಿದ್ದೆ. ಅದು ತಪ್ಪಿರಬಹುದಿತ್ತು. ಸರಿಯಿದ್ದರೆ ಇನ್ನೂ ಕಷ್ಟ, ಯಾಕೆಂದರೆ ಅವರು ಬರೆಯದೆ ಬಿಟ್ಟಿದ್ದನ್ನು ನಾನು ಅವರ ಮುಂದೆ ಓದಿ ಹೇಳಿದಂತಾಯಿತು.

ನಮ್ಮಲ್ಲಿ ಒಬ್ಬರ ಬಗ್ಗೆ ಮೊದಲೇ ತಿಳಿದುಕೊಳ್ಳುವುದು ಹೊಸದೇನಲ್ಲ. ಗಂಡಿನ ಮನೆಯವರು, ಹೆಣ್ಣಿನ ಮನೆಯವರು "ವಿಚಾರಿಸುವ" ಪದ್ಧತಿ ಎಲ್ಲರಿಗೂ ಗೊತ್ತು. ಹುಡುಗನ ಆಫೀಸಿನಲ್ಲಿ ಯಾರಾದರೂ ಪರಿಚಯದವರು ಇದ್ದಾರಾ, ಕೆಳಗಿನ ಮನೆಯವರು ಏನಂತಾರೆ, ಸಂಬಳ ಎಷ್ಟು, ಸಂಜೆ ಎಲ್ಲಿಗೆ ಹೋಗುತ್ತಾನೆ. ಅಲ್ಲಿ ಉದ್ದೇಶವೇ ಹುಡುಗ ಬಾಯಿಬಿಟ್ಟು ಹೇಳದ್ದನ್ನು ಬೇರೆಯವರಿಂದ ಹೊರಡಿಸುವುದು. ಎರಡೂ ಕಡೆಯವರಿಗೆ ಅದು ಗೊತ್ತಿರುತ್ತದೆ, ಹಾಗಾಗಿ ನಡೆಯುತ್ತದೆ. ನಾನು ಮಾಡಿದ್ದು ಆ ವಿಚಾರಣೆಯನ್ನು ಕಾಫಿ ಹೋಟೆಲಿಗೆ ತಂದದ್ದು. ಪಾಪ, ಅವರು ಬಂದಿದ್ದು ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿ ಹೋಗಲು.

ಅದಾದಮೇಲೆ ಒಂದು ಗಡಿ ಹಾಕಿಕೊಂಡೆ. ಫೋನಿನಲ್ಲಿ 20 ನಿಮಿಷದ ಟೈಮರ್. ಕಡಿಮೆ ಓದಿದರೆ ಸಾಕು ಅನ್ನುವ ಸೋಮಾರಿತನವಲ್ಲ ಇದು. ಹುಡುಕಾಟ ಯಾವ ಕ್ರಮದಲ್ಲಿ ಸಾಗುತ್ತದೆ ಅಂತ ಗಮನಿಸಿದರೆ ಕಾರಣ ಗೊತ್ತಾಗುತ್ತದೆ. ಮೊದಲು ಸಿಗುವುದು ಆ ವ್ಯಕ್ತಿ ತಾನೇ ಮುಂದಿಟ್ಟಿದ್ದು: ತನ್ನ ಕೆಲಸದ ಪೇಜು, ಮಾಡಿದ ಭಾಷಣ, ಬರೆದ ಲೇಖನ. ಅದು ಮುಗಿದಮೇಲೂ ಹುಡುಕುತ್ತಾ ಹೋದರೆ ಬೇರೆಯವರು ಅವರ ಬಗ್ಗೆ ಹಾಕಿದ್ದು ಸಿಗಲು ಶುರುವಾಗುತ್ತದೆ. ಯಾರದೋ ಮದುವೆಯ ಫೋಟೋದಲ್ಲಿ ಟ್ಯಾಗ್, ಅಪಾರ್ಟ್‌ಮೆಂಟ್ ಸಂಘದ ಪಟ್ಟಿ, ಮಕ್ಕಳ ಶಾಲೆಯ ಕಾರ್ಯಕ್ರಮ. ನನ್ನ ಎರಡೂವರೆ ಗಂಟೆಯಲ್ಲಿ ಕೆಲಸಕ್ಕೆ ಬಂದದ್ದೆಲ್ಲ ಮೊದಲ ಅರ್ಧ ಗಂಟೆಯಲ್ಲೇ ಸಿಕ್ಕಿತ್ತು. ಉಳಿದ ಹೊತ್ತಿನಲ್ಲಿ ಸಿಕ್ಕಿದ್ದು ಬಾಯಿ ಬಿಡಬಾರದ ಸಾಮಗ್ರಿ. ಗೊತ್ತಿದ್ದೂ ಬಾಯಿ ಬಿಡದೆ ಕೂರುವುದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ.

ಮುಂದಿನ ಭೇಟಿ ಒಬ್ಬ ಮಹಿಳೆಯ ಜೊತೆ. ಕಸ್ಟಮರ್ ಸಪೋರ್ಟ್‌ನಲ್ಲಿದ್ದು ಆಮೇಲೆ ಡಾಕ್ಯುಮೆಂಟೇಶನ್‌ಗೆ ಬಂದವರು. ಆ ದಿನದ 20 ನಿಮಿಷ ಹೇಗೆ ಹೋಯಿತು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲ ಮೂರು ನಿಮಿಷ ಅವರ ಹೆಸರನ್ನೇ ಹುಡುಕಲಿಲ್ಲ. ನನಗೆ ಇವರಿಂದ ಏನು ಬೇಕು ಅಂತ ಒಂದು ಚೀಟಿಯ ಮೇಲೆ ಬರೆದೆ. "ಟೆಸ್ಟಿಂಗ್ ಮಾಡಿದವನಿಗೆ ಈ ಕೆಲಸಕ್ಕೆ ಬರಲು ಏನು ಅಡ್ಡ ಬರುತ್ತದೆ?" ಅಷ್ಟೇ. ಈ ಸಾಲು ಕಣ್ಣಮುಂದೆ ಇದ್ದರೆ ಯಾವುದನ್ನು ಓದಬೇಕು, ಯಾವುದನ್ನು ದಾಟಿಹೋಗಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಇಲ್ಲದಿದ್ದರೆ ಎಲ್ಲವೂ ಕುತೂಹಲವೇ.

ಆಮೇಲೆ ಐದು ನಿಮಿಷ ಲಿಂಕ್ಡ್‌ಇನ್. ಇಲ್ಲೇ ಮೊದಲ ತೊಡಕು, ಅದೇ ಹೆಸರಿನವರು ನಾಲ್ಕು ಜನ ಬಂದರು. ನಮ್ಮ ಕಡೆ ಇದು ಮಾಮೂಲು. ಹೆಸರಿನ ಜೊತೆ ಒಂದೇ ಅಕ್ಷರದ ಇನಿಶಿಯಲ್ ಇರುತ್ತದೆ. ಅದು ಅಪ್ಪನ ಹೆಸರಿನದೋ ಊರಿನದೋ ಯಾರಿಗೆ ಗೊತ್ತು. ಒಂದು ಕಡೆ ಇನಿಶಿಯಲ್ ಹಿಂದೆ, ಇನ್ನೊಂದು ಕಡೆ ಮುಂದೆ. ಯಾರೋ ಬರೆದ ಲೇಖನವನ್ನು ಇನ್ಯಾರ ಮುಂದೋ ಹೊಗಳಿದರೆ ಅಲ್ಲಿಗೆ ಮಾತು ಮುಗಿದ ಹಾಗೆಯೇ. ಅದಕ್ಕೆ ನಾನು ಮಾಡುವುದು ಇಷ್ಟು: ಪರಿಚಯ ಮಾಡಿಸಿದವರ ಹತ್ತಿರ ಅವರ ಪೇಜಿನ ಲಿಂಕ್ ಇಸಿದುಕೊಳ್ಳುವುದು, ಅಲ್ಲಿಂದ ಮುಂದೆ ಅವರೇ ಹಾಕಿರುವ ಲಿಂಕುಗಳಲ್ಲಿ ಮಾತ್ರ ಹೋಗುವುದು. ಅವರ ಲಿಂಕ್ಡ್‌ಇನ್‌ನಲ್ಲಿ ಸಾಫ್ಟ್‌ವೇರಿನ ಕೋಡು, ಕೈಪಿಡಿಗಳನ್ನು ಹಲವರು ಸೇರಿ ತಿದ್ದುವ ತಾಣವಾದ ಗಿಟ್‌ಹಬ್‌ನ ಪೇಜಿನ ವಿಳಾಸ ಇತ್ತು, ಒಂದು ಭಾಷಣದ ವಿಡಿಯೋ ಇತ್ತು. ಇನ್‌ಸ್ಟಾಗ್ರಾಂ ಇರಲಿಲ್ಲ, ಹಾಗಾಗಿ ನಾನೂ ಹುಡುಕಲಿಲ್ಲ. ಹೀಗೆ ಮಾಡಿದರೆ ಬೇರೆ ಯಾರನ್ನೋ ಇವರು ಅಂದುಕೊಳ್ಳುವ ಭಯವೂ ಇಲ್ಲ, ಕರೆಯದ ಮನೆಗೆ ನುಗ್ಗಿದ ಭಾವನೆಯೂ ಇಲ್ಲ.

ಪೇಜಿನಲ್ಲಿ ಪದವಿ, ಬಹುಮಾನ ಓದುವುದರಲ್ಲಿ ಅಂಥ ಲಾಭ ಇಲ್ಲ. ನೋಡಬೇಕಾದದ್ದು ತಿರುವು. ಇವರು 7 ವರ್ಷ ಸಪೋರ್ಟ್ ಇಂಜಿನಿಯರ್, ಆಮೇಲೆ ರೈಟರ್. ನಡುವೆ 14 ತಿಂಗಳು ಖಾಲಿ.

ಮತ್ತೆ ಅದೇ ಪರೀಕ್ಷೆ! 2022ರಿಂದ ಲಿಂಕ್ಡ್‌ಇನ್‌ನಲ್ಲಿ "ಕೆರಿಯರ್ ಬ್ರೇಕ್" ಅಂತಲೇ ಹಾಕಿಕೊಳ್ಳುವ ಅವಕಾಶ ಇದೆ. ಮಗು, ಅನಾರೋಗ್ಯ, ಓದು, ಪ್ರವಾಸ ಅಂತ ಕಾರಣವನ್ನೂ ಆರಿಸಿಕೊಳ್ಳಬಹುದು. ಅದನ್ನು ಹಾಕಿದ್ದರೆ ಇದರ ಬಗ್ಗೆ ಮಾತಾಡಲು ತಯಾರಿದ್ದೇನೆ ಅಂತ ಒಂದು ಸೂಚನೆಯಾದರೂ ಸಿಗುತ್ತಿತ್ತು. ಇವರು ಹಾಕಿರಲಿಲ್ಲ. ಆ 14 ತಿಂಗಳು ನಾನು ಎರಡು ತಾರೀಖುಗಳನ್ನು ಕಳೆದು ಪಡೆದ ಸಂಖ್ಯೆ, ಅವರು ಬರೆದದ್ದಲ್ಲ. ಚೀಟಿಯಲ್ಲಿ ಅದನ್ನು ಬರೆದುಕೊಳ್ಳಲೂ ಇಲ್ಲ. ಬರೆದುಕೊಂಡರೆ ಮಾತಿನ ನಡುವೆ ಹೇಗೋ ಒಂದು ರೀತಿ ಹೊರಗೆ ಬಂದುಬಿಡುತ್ತದೆ.

ಒಂದು ಮಾತು ನಡುವೆ. ಲಿಂಕ್ಡ್‌ಇನ್‌ನಲ್ಲಿ ನೀವು ಯಾರ ಪೇಜು ನೋಡಿದಿರಿ ಅಂತ ಅವರಿಗೆ ಗೊತ್ತಾಗುತ್ತದೆ. ಗೊತ್ತಾಗದ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮಾಡಿಕೊಳ್ಳಬಹುದು. ಆದರೆ ಉಚಿತ ಖಾತೆಯಲ್ಲಿ ಹಾಗೆ ಮಾಡಿದರೆ ನಿಮ್ಮ ಪೇಜು ಯಾರು ನೋಡಿದರು ಅನ್ನುವುದು ನಿಮಗೂ ಕಾಣುವುದಿಲ್ಲ. ನಾನು ಪ್ರೈವೇಟ್ ಮಾಡುವುದಿಲ್ಲ. ನಾಳೆ ಸಿಗುವವನು ಇವತ್ತು ಪೇಜು ನೋಡಿದ ಅಂದರೆ ಅದು ಮರ್ಯಾದೆಯೇ. ಮುಖ ಮುಚ್ಚಿಕೊಂಡು ನೋಡಬೇಕು ಅನ್ನಿಸಿದರೆ ನೋಡುತ್ತಿರುವುದರಲ್ಲೇ ಏನೋ ಐಬಿದೆ. ಆದರೆ ಹಳೆಯ ಪೋಸ್ಟುಗಳನ್ನು ಕೆಳಗಿನವರೆಗೆ ಎಳೆಯುವಾಗ ಹೆಬ್ಬೆರಳಿನ ಮೇಲೆ ಗಮನ ಇರಲಿ. ಮೂರು ವರ್ಷದ ಹಿಂದಿನ ಪೋಸ್ಟಿಗೆ ರಾತ್ರಿ 11 ಗಂಟೆಗೆ ಲೈಕ್ ಒತ್ತಿ, ಹಿಂತೆಗೆದು, ಬೆವರಿದವನು ನಾನು.

ಇನ್ನು ಎಂಟು ನಿಮಿಷ. ಇದೇ ಮುಖ್ಯ ಭಾಗ. ಅವರು ಮಾಡಿದ ಒಂದೇ ಒಂದು ಕೆಲಸವನ್ನು ನೆಟ್ಟಗೆ ನೋಡುವುದು. ಐದು ಕಡೆ ಇಣುಕುವುದಕ್ಕಿಂತ ಒಂದರೊಳಗೆ ಹೋಗುವುದು ಲೇಸು. ಈ ಕೆಲಸ ಮಾಡುವವರಿಗೆ "ರೈಟ್ ದ ಡಾಕ್ಸ್" ಅಂತ ಒಂದು ಸಮುದಾಯ ಇದೆ. 2013ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಅದರ ಮೊದಲ ಸಮ್ಮೇಳನ ನಡೆಯಿತು, ಈಗ ಬೆಂಗಳೂರಿನಲ್ಲೂ ಅದರ ಮೀಟಪ್‌ಗಳು ಆಗುತ್ತವೆ. ಇಂಥ ಕೂಟಗಳಲ್ಲಿ ಜನ ಮಾತಾಡುವುದು ಹೆಚ್ಚಾಗಿ ತಮ್ಮ ಕೈಯಾರೆ ಮಾಡಿದ್ದರ ಬಗ್ಗೆ. ಅದಕ್ಕೇ ಅವು ಉಪಯೋಗಕ್ಕೆ ಬರುತ್ತವೆ.

ಇವರ ಭಾಷಣ 22 ನಿಮಿಷದ್ದು. ಪೂರ್ತಿ ನೋಡುವಷ್ಟು ಹೊತ್ತು ಇರಲಿಲ್ಲ. ಮೊದಲ ಎರಡು ನಿಮಿಷ ನೋಡಿದೆ. ಆಮೇಲೆ ಕೊನೆಯ ಐದು ನಿಮಿಷಕ್ಕೆ ಹಾರಿದೆ, ಒಂದೂವರೆ ಪಟ್ಟು ವೇಗದಲ್ಲಿ. ಕೊನೆಯಲ್ಲಿ ಇರುವುದು ಸಭಿಕರ ಪ್ರಶ್ನೆಗಳು. ಭಾಷಣ ತಯಾರಿ ಮಾಡಿಕೊಂಡು ಬಂದದ್ದು, ಅದನ್ನು ಮತ್ತೆ ಕೇಳಿದರೆ ಅದೇ ಉತ್ತರ ಬರುತ್ತದೆ. ಪ್ರಶ್ನೋತ್ತರದಲ್ಲಿ ಮಾತ್ರ ಅರ್ಧಕ್ಕೆ ನಿಂತ ಮಾತುಗಳಿರುತ್ತವೆ. ಇವರ ಭಾಷಣದ ವಿಷಯ, ಗ್ರಾಹಕರು ಕಳಿಸಿದ ಸಪೋರ್ಟ್ ಟಿಕೆಟ್‌ಗಳನ್ನು ಗುಂಪು ಮಾಡಿ, ಜಾಸ್ತಿ ಸಲ ಬಂದ ಪ್ರಶ್ನೆಯಿಂದ ಕೈಪಿಡಿ ಬರೆಯಲು ಶುರು ಮಾಡಿದ್ದು. ಕೊನೆಯಲ್ಲಿ ಯಾರೋ ಕೇಳಿದರು, ಬರೆದದ್ದು ಸರಿಯಿದೆಯಾ ಅಂತ ನೋಡಿಕೊಡಲು ಡೆವಲಪರ್‌ಗಳು ಸಮಯ ಕೊಡುತ್ತಾರಾ ಅಂತ. ಇವರು ನಕ್ಕು, "ಅದು ಬೇರೆಯೇ ಒಂದು ಟಾಕ್" ಅಂದರು. ಹೊತ್ತು ಮೀರಿತ್ತು, ವಿಡಿಯೋ ಮುಗಿಯಿತು.

ಪ್ರಶ್ನೆ ಸಿಕ್ಕಿತ್ತು. ಆ ಬೇರೆಯ ಟಾಕ್ ಏನು?

ಇನ್ನೂ ಒಂದೆರಡು ನಿಮಿಷ ಉಳಿದಿತ್ತು, ಗಿಟ್‌ಹಬ್ ನೋಡಿದೆ. ಅಲ್ಲಿ ಒಬ್ಬರು ಕಳಿಸಿದ ತಿದ್ದುಪಡಿಗಳಲ್ಲಿ ಸ್ವೀಕಾರವಾದವನ್ನು ಮಾತ್ರ ಹುಡುಕಲು ಹೀಗೆ ಬರೆದರೆ ಸಾಕು, `username` ಇರುವ ಕಡೆ ಅವರ ಖಾತೆಯ ಹೆಸರು ಹಾಕಿ:

```
is:pr is:merged author:username
```

ಹಳೆಯವು ಮೊದಲು ಬರುವ ಹಾಗೆ ಜೋಡಿಸಿದರೆ ಅವರು ಹೇಗೆ ಶುರು ಮಾಡಿದರು ಅಂತ ಕಾಣುತ್ತದೆ. ಮೊದಲು ಕಾಗುಣಿತದ ತಿದ್ದುಪಡಿಗಳು. ಆಮೇಲೆ ಇನ್‌ಸ್ಟಾಲ್ ಮಾಡುವ ಪುಟದಲ್ಲಿ ಒಂದು ಹೆಜ್ಜೆ ಸೇರಿಸಿದ್ದು. ನಂತರ ಒಂದು ದೊಡ್ಡ ಪುಟ, ಅದು ಸ್ವೀಕಾರವಾಗಲು ಆರು ತಿಂಗಳು ಹಿಡಿದಿತ್ತು. ತೆರೆದು ನೋಡಿದೆ. ವಿಮರ್ಶೆ ಮಾಡಿದವರು ಸ್ವಲ್ಪ ಖಾರವಾಗಿಯೇ ಬರೆದಿದ್ದರು. ಇವರು ತಾಳ್ಮೆಯಿಂದ ಉತ್ತರ ಕೊಟ್ಟಿದ್ದರು.

ಇದು ಕಷ್ಟದ ಜಾಗ. ಇಲ್ಲಿ ನಾನು ಏನನ್ನೂ ಕೂಡಿಸಿಲ್ಲ. ಎಲ್ಲವೂ ಬಯಲಿನಲ್ಲೇ ನಡೆದದ್ದು, ಗಿಟ್‌ಹಬ್‌ಗೆ ದಾರಿ ತೋರಿಸಿದ್ದೂ ಅವರೇ. ಆದರೂ "ಆ ರಿವ್ಯೂನಲ್ಲಿ ನಿಮಗೆ ಹಾಗೆ ಅಂದರಲ್ಲ, ಬೇಜಾರಾಯ್ತಾ?" ಅಂತ ಮೊದಲ ಭೇಟಿಯಲ್ಲಿ ಕೇಳಲು ಮನಸ್ಸು ಒಪ್ಪಲಿಲ್ಲ. ಬಯಲಿನಲ್ಲಿ ಬಿದ್ದವರನ್ನು ನೋಡಿದೆ ಅಂತ ಅವರಿಗೇ ಹೋಗಿ ಹೇಳುತ್ತೇವಾ? ಹಾಗಂತ ಓದಿದ್ದು ದಂಡವಾಗಲಿಲ್ಲ. ಹೊಸಬನಿಗೆ ಇಲ್ಲಿ ಏನು ಕಾದಿದೆ ಅಂತ ತಿಳಿಯಿತು. ಪ್ರಶ್ನೆಯನ್ನು ನನ್ನ ಕಡೆ ತಿರುಗಿಸಿಕೊಂಡೆ: "ನಾನು ಓಪನ್ ಸೋರ್ಸ್ ಡಾಕ್ಸ್‌ಗೆ ಬರೆಯಲು ಹೊರಟರೆ ಎಷ್ಟು ದೊಡ್ಡ ಕೆಲಸದಿಂದ ಶುರು ಮಾಡಬೇಕು?" ಇದಕ್ಕೆ ಅವರು ಒಂದು ಸಾಲಿನಲ್ಲೂ ಉತ್ತರಿಸಬಹುದು, ತಮ್ಮ ಕಥೆಯನ್ನೂ ಹೇಳಬಹುದು. ಎಷ್ಟು ಬಾಗಿಲು ತೆಗೆಯಬೇಕು ಅನ್ನುವುದು ಅವರ ಕೈಯಲ್ಲೇ ಉಳಿಯುತ್ತದೆ.

ಕೊನೆಯ ನಾಲ್ಕು ನಿಮಿಷ ಪ್ರಶ್ನೆಗಳನ್ನು ಬರೆದುಕೊಂಡು ಬಾಯಿಬಿಟ್ಟು ಓದಿದೆ. ಮೂರೇ ಪ್ರಶ್ನೆ. ಅರ್ಧ ಗಂಟೆಗೆ ಅದಕ್ಕಿಂತ ಜಾಸ್ತಿ ಬೇಡ. ಓದುವಾಗ ಒಂದನ್ನು ಹೊಡೆದುಹಾಕಿದೆ. "ನಿಮ್ಮದು ಯಾವ ಊರು?" ಅನ್ನುವುದು.

ಅದನ್ನು ಯಾಕೆ ಹೊಡೆದುಹಾಕಿದೆ ಅಂತ ಹೇಳಲೇಬೇಕು. ಅಪರಿಚಿತರು ಬಸ್ಸಿನಲ್ಲಿ ಅಕ್ಕಪಕ್ಕ ಕೂತರೆ ಮೊದಲು ಬರುವ ಪ್ರಶ್ನೆ ಇದು, ಪ್ರೀತಿಯ ಪ್ರಶ್ನೆಯೇ. ಆದರೆ ನಾನು ಅವರ ಕಾಲೇಜು ನೋಡಿದ್ದೆ, ಊರು ಯಾವುದಿರಬಹುದು ಅಂತ ಅಂದಾಜು ಇತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೇಳಿದರೆ ನಾಟಕ. "ನೀವು ಆ ಕಡೆಯವರಲ್ವಾ?" ಅಂದರೆ ಇನ್ನೊಂದು ಥರ. ಯಾಕೆಂದರೆ ನಮ್ಮಲ್ಲಿ ಊರಿನ ಪ್ರಶ್ನೆ ಊರಿಗೇ ನಿಲ್ಲುವುದಿಲ್ಲ. ಊರು, ಆಮೇಲೆ ಅಲ್ಲಿ ಯಾವ ಬೀದಿ, ಆಮೇಲೆ ಮನೆತನದ ಹೆಸರು. ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವನಿಗಿಂತ ಉತ್ತರ ಕೊಡುವವರಿಗೆ ಚೆನ್ನಾಗಿ ಗೊತ್ತು. ಮೊದಲೇ ವಿಚಾರಿಸಿಕೊಂಡು ಬಂದವನ ಬಾಯಲ್ಲಿ ಆ ಪ್ರಶ್ನೆ ಜಾತಿ ಕೇಳಿದ ಹಾಗೆಯೇ ಕೇಳಿಸುತ್ತದೆ. ಹೆಸರಿನ ಇನಿಶಿಯಲ್ ಬಿಡಿಸಿ ಹೇಳಿ ಅನ್ನುವುದೂ ಅಷ್ಟೇ. ಊರಿನ ಮಾತು ಬರುವುದಿದ್ದರೆ ತಾನಾಗಿ ಬರುತ್ತದೆ, ಸುಮ್ನೆ ಕಾಯಬೇಕು.

ಜಾಗ ಗೊತ್ತು ಮಾಡುವಾಗಲೂ ಇದೇ ಎಚ್ಚರ ಬೇಕು. "ನಿಮಗೆ ಹತ್ತಿರ ಆಗೋ ಕಡೆ ಹೇಳಿ, ನಾನು ಬರ್ತೀನಿ" ಅಂದರೆ ಸೌಜನ್ಯ. ಎಲ್ಲೋ ನೋಡಿಕೊಂಡು, ಅವರ ಮನೆಯಿಂದ ಎರಡು ರಸ್ತೆ ಆಚೆಗಿರುವ ಹೋಟೆಲನ್ನು ನಾವೇ ಸೂಚಿಸಿದರೆ ಎಂಥವರೂ ಒಂದು ಕ್ಷಣ ಬೆದರುತ್ತಾರೆ.

ಅವರು ಹೇಳಿದ್ದು ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್. 2009ರವರೆಗೆ ಎಂ.ಜಿ. ರಸ್ತೆಯಲ್ಲಿದ್ದದ್ದು, ಆಮೇಲೆ ಇಲ್ಲಿಗೆ ಬಂತು. ಪೇಟ ಕಟ್ಟಿದ ಸಪ್ಲೈಯರ್ ಕಾಫಿ ತಂದಿಟ್ಟರು. ನಾನು ಕೇಳಿದೆ: "ನಿಮ್ಮ ಟಾಕ್ ವಿಡಿಯೋ ನೋಡಿದೆ. ಪೂರ್ತಿ ಅಲ್ಲ, ಶುರು ಮತ್ತು ಕೊನೆ. ಡೆವಲಪರ್‌ಗಳ ರಿವ್ಯೂ ಬಗ್ಗೆ ಕೇಳಿದಾಗ ಅದು ಬೇರೆಯೇ ಟಾಕ್ ಅಂದ್ರಿ. ಆ ಟಾಕ್ ಏನು?"

ಎಲ್ಲಿ ನೋಡಿದೆ, ಎಷ್ಟು ನೋಡಿದೆ ಅಂತ ಪ್ರಶ್ನೆಯೊಳಗೇ ಹೇಳಿಬಿಟ್ಟರೆ ಅರ್ಧ ಮುಜುಗರ ಅಲ್ಲೇ ಹೋಗುತ್ತದೆ. ಕೇಳಿಸಿಕೊಂಡವರಿಗೆ "ಇವನಿಗೆ ಇದು ಹೇಗೆ ಗೊತ್ತು?" ಅಂತ ಯೋಚಿಸುವ ಕೆಲಸ ಉಳಿಯುವುದಿಲ್ಲ. ಅವರು ಜೋರಾಗಿ ನಕ್ಕರು. ಹತ್ತು ನಿಮಿಷ ಅದೊಂದರ ಬಗ್ಗೆಯೇ ಹೇಳಿದರು. ಪೂರ್ತಿ ಪುಟ ಕಳಿಸಿ "ನೋಡಿಕೊಡಿ" ಅಂದರೆ ಯಾರೂ ತೆರೆಯುವುದಿಲ್ಲವಂತೆ. ಮೂರು ಸಾಲು ಕಳಿಸಿ "ಇದರಲ್ಲಿ ಎರಡನೆಯದು ತಪ್ಪಾ?" ಅಂತ ಕೇಳಿದರೆ ಅರ್ಧ ಗಂಟೆಯಲ್ಲಿ ಉತ್ತರ. "ಇಂಜಿನಿಯರ್‌ಗೆ ಓದೋದು ಬೇಜಾರು, ತಿದ್ದೋದು ಇಷ್ಟ," ಅಂದರು. ಟೆಸ್ಟಿಂಗ್ ಮಾಡಿದವನಿಗೆ ಇದು ಅನುಕೂಲ ಅಂತಲೂ ಹೇಳಿದರು. ಯಾವ ಸಾಲು ತಪ್ಪಿರಬಹುದು ಅಂತ ಊಹಿಸುವುದೇ ನಿಮ್ಮ ಕೆಲಸ ಆಗಿತ್ತಲ್ಲ ಅಂತ. ನನ್ನ ಚೀಟಿಯ ಮೊದಲ ಸಾಲಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇವತ್ತಿಗೂ ಸಿಕ್ಕಿಲ್ಲ.

ಅವರ ಪೇಜಿನಲ್ಲಿದ್ದ ಒಂದು ವಿಷಯ ಹಳೆಯದಾಗಿತ್ತು. ಟೀಮ್ ಬದಲಾಯಿಸಿ ಆಗಲೇ ನಾಲ್ಕು ತಿಂಗಳಾಗಿತ್ತಂತೆ, ಅಪ್‌ಡೇಟ್ ಮಾಡಿರಲಿಲ್ಲ. "ಪೇಜಿನಲ್ಲಿ ಹಾಗಿತ್ತು, ಈಗಲೂ ಅದೇನಾ?" ಅಂತ ಕೇಳಿದ್ದರಿಂದ ಬಚಾವಾದೆ.

ಎರಡನೆಯ ಪ್ರಶ್ನೆ ಕೇಳಿದೆ, ಎಷ್ಟು ದೊಡ್ಡ ಕೆಲಸದಿಂದ ಶುರು ಮಾಡಲಿ ಅಂತ. "ಚಿಕ್ಕದರಿಂದ. ನನ್ನ ಮೊದಲ ದೊಡ್ಡ ಪುಟ ಆರು ತಿಂಗಳು ಕೊಳೀತು. ನೀವು ನೋಡಿರಬೇಕು ಅದನ್ನ," ಅಂದರು.

ಇಲ್ಲ ಅನ್ನಬಹುದಿತ್ತು. "ನೋಡಿದೆ," ಅಂದೆ. "ರಿವ್ಯೂ ಸ್ವಲ್ಪ ಖಾರ ಇತ್ತು."

"ಸ್ವಲ್ಪ?" ಅಂದರು. ಆಮೇಲೆ ಅದರ ಇಡೀ ಕಥೆ ಹೇಳಿದರು. ಆ ರಿವ್ಯೂ ಬಗ್ಗೆ ನಾನೇ ಕೇಳಿದ್ದರೆ ಇಷ್ಟು ಬರುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ. ನೋಡಿದ್ದನ್ನು ಎಲ್ಲವನ್ನೂ ಹೇಳಬೇಕಿಲ್ಲ. ಆದರೆ ಅವರೇ ಕೇಳಿದಾಗ ನೋಡಿಲ್ಲ ಅನ್ನಬಾರದು. ಸುಳ್ಳು ಸಿಕ್ಕಿಬಿದ್ದರೆ ನೋಡಿದ್ದೂ ಕಳ್ಳತನ ಆಗಿಬಿಡುತ್ತದೆ.

ಆ 14 ತಿಂಗಳ ವಿಷಯ ಬರಲೇ ಇಲ್ಲ.

ಬಿಲ್ ಬರುವ ಹೊತ್ತಿಗೆ ಅವರು, "ನಾನೂ ನಿಮ್ಮ ಪೇಜು ನೋಡಿದೆ," ಅಂದರು. ಅದಂತೂ ನನಗೆ ಹೊಳೆದೇ ಇರಲಿಲ್ಲ. "8 ವರ್ಷ ಒಂದೇ ಕಂಪನಿ. ಯಾಕೆ ಬಿಡಲಿಲ್ಲ?"

ನನ್ನ ಪೇಜಿನಲ್ಲಿ ನಾನೇ ಹಾಕಿದ್ದು ಅದು, ಹೆಮ್ಮೆಯಿಂದಲೇ. ಅವರು ಏನನ್ನೂ ಕೂಡಿಸಿರಲಿಲ್ಲ, ಮುಖದಲ್ಲಿ ಕೆಟ್ಟ ಕುತೂಹಲವೂ ಇರಲಿಲ್ಲ. ಆದರೂ ಎಲ್ಲೋ ಚುಚ್ಚಿತು. ಮನೆ ಸಾಲ ಇತ್ತು ಅಂದೆ. ಅದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಬಿಲ್ ತಮ್ಮ ಕಡೆ ಎಳೆದುಕೊಂಡು, "ಸರಿ, ಮುಂದಿನ ಸಲ ನೀವು ಕೊಡಿ," ಅಂದರು.